ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತಿದೆಯೇ? ಹೆರಿಗೆಯ ನಂತರ ತಳದ ಸ್ನಾಯುವನ್ನು ಸರಿಯಾಗಿ ಎತ್ತುವ ಬಗೆ

ಹೆರಿಗೆಯಾಗಿ ಕೆಲವು ತಿಂಗಳಾಗಿರುತ್ತದೆ. ಹೊಲಿಗೆ ಮಾಗಿರುತ್ತದೆ, ಮಗು ಚೆನ್ನಾಗಿ ಹಾಲು ಕುಡಿಯುತ್ತಿರುತ್ತದೆ. ಆದರೆ ಜೋರಾಗಿ ಒಂದು ಸೀನು ಬಂದರೆ, ಯಾರೋ ಹೇಳಿದ ಮಾತಿಗೆ ಹೊಟ್ಟೆ ತುಂಬ ನಕ್ಕರೆ, ಒಳ ಉಡುಪು ಒದ್ದೆಯಾಗುತ್ತದೆ. ಇದನ್ನು ಅಮ್ಮನ ಹತ್ತಿರವೂ ಹೇಳಿಕೊಳ್ಳದವರು ತುಂಬಾ ಜನ. ಹೇಳಿಕೊಂಡರೂ "ಮಕ್ಕಳಾದ್ಮೇಲೆ ಎಲ್ಲರಿಗೂ ಆಗತ್ತೆ ಬಿಡು" ಎಂಬ ಉತ್ತರ ಸಿಗುತ್ತದೆ. ಆಮೇಲೆ ಪ್ಯಾಡ್ ಇಟ್ಟುಕೊಂಡು ಓಡಾಡುವುದೇ ಅಭ್ಯಾಸವಾಗಿಬಿಡುತ್ತದೆ.

ತುಂಬಾ ಜನರಿಗೆ ಆಗುತ್ತದೆ ಎನ್ನುವುದು ನಿಜ. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ರೀತಿಯ ಮೂತ್ರ ಸೋರಿಕೆ ಇರುತ್ತದೆ. "ಬಿಡು" ಎನ್ನುವುದು ಮಾತ್ರ ತಪ್ಪು. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಆಪರೇಷನ್ ಅಲ್ಲ, ಸೊಂಟದ ತಳದ ಸ್ನಾಯುವನ್ನು ಎತ್ತಿ ಬಿಡುವ ವ್ಯಾಯಾಮ. ಅದರ ಹೆಸರು ನೀವು ಕೇಳಿರುತ್ತೀರಿ, ಕೀಗಲ್. ಆರ್ನಾಲ್ಡ್ ಕೀಗಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಇದರ ಬಗ್ಗೆ ಬರೆದಿದ್ದರು.

ನಾನು ಬೆಂಗಳೂರಿನಲ್ಲಿ ಬಾಣಂತಿಯರಿಗೆ ಫಿಸಿಯೋಥೆರಪಿ ಮಾಡುವವಳು. ನನ್ನ ಹತ್ತಿರ ಬರುವವರಲ್ಲಿ ಅನೇಕರು "ಕೀಗಲ್ ಮಾಡಿ ನೋಡಿದೆ ಮೇಡಂ, ಏನೂ ಉಪಯೋಗ ಆಗ್ಲಿಲ್ಲ" ಅಂತಲೇ ಮಾತು ಶುರು ಮಾಡುತ್ತಾರೆ. ಪರೀಕ್ಷೆ ಮಾಡಿದರೆ ಎಷ್ಟೋ ಸಲ ಅವರು ಸ್ನಾಯುವನ್ನು ಮೇಲಕ್ಕೆ ಎತ್ತುತ್ತಿರುವುದಿಲ್ಲ, ಕೆಳಕ್ಕೆ ದಬ್ಬುತ್ತಿರುತ್ತಾರೆ. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1991ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬಾಯಿಮಾತಿನಲ್ಲಿ ಹೇಳಿಕೊಟ್ಟಾಗ ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು ಮಹಿಳೆಯರು ಮಾತ್ರ. ಕಾಲು ಭಾಗದಷ್ಟು ಮಂದಿ ಸೋರಿಕೆಯನ್ನು ಇನ್ನೂ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಹಾಗಾಗಿ ಎಷ್ಟು ಸಲ ಮಾಡಬೇಕು ಎನ್ನುವುದಕ್ಕಿಂತ ಮೊದಲು, ಸರಿಯಾಗಿ ಮಾಡುತ್ತಿದ್ದೇನಾ ಅಂತ ಕಂಡುಕೊಳ್ಳುವುದು ಹೇಗೆ ಎಂಬುದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಳಗೆ ಆಗಿರುವುದೇನು

ಮುಂದೆ ಇರುವ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಮಗುವನ್ನು ಮಲಗಿಸಲು ಕಟ್ಟುವ ಸೀರೆಯ ಜೋಲಿಯ ಹಾಗೆ, ಸ್ನಾಯುಗಳ ಒಂದು ಪದರ ಹರಡಿಕೊಂಡಿದೆ. ಇದೇ ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದ ಸ್ನಾಯು. ಮೂತ್ರಕೋಶ, ಗರ್ಭಕೋಶ, ಮಲಕೋಶ ಮೂರೂ ಇದರ ಆಸರೆಯಲ್ಲಿವೆ. ಮೂತ್ರನಾಳ, ಯೋನಿ, ಮಲದ್ವಾರ ಇದರ ಮಧ್ಯದಿಂದ ಹಾದು ಹೊರಬರುತ್ತವೆ.

ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಂದೇ ಕ್ಷಣಕ್ಕೆ ಏರುತ್ತದೆ. ಆ ಒತ್ತಡ ಮೂತ್ರಕೋಶದ ಮೇಲೂ ಬೀಳುತ್ತದೆ. ತಳ ಗಟ್ಟಿಯಾಗಿದ್ದರೆ ಮೂತ್ರನಾಳ ಅದಕ್ಕೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಜೊತೆಗೆ ಕೆಮ್ಮು ಬರುವುದಕ್ಕೆ ಒಂದು ಕ್ಷಣ ಮೊದಲೇ ಈ ಸ್ನಾಯು ತಾನಾಗಿ ಬಿಗಿಯುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಇದೇ ಸ್ನಾಯು ಮತ್ತು ಇದಕ್ಕೆ ಹೋಗುವ ನರ ತುಂಬಾ ಹಿಗ್ಗುತ್ತವೆ. ಮಗು ದೊಡ್ಡದಿದ್ದರೆ, ತುಂಬಾ ಹೊತ್ತು ನೂಕಬೇಕಾಗಿ ಬಂದಿದ್ದರೆ, ಫೋರ್ಸೆಪ್ಸ್ ಹಾಕಿದ್ದರೆ ಪೆಟ್ಟು ಇನ್ನೂ ಜಾಸ್ತಿ. ಆಮೇಲೆ ಕೆಲವು ತಿಂಗಳು ಆಸರೆಯೂ ಸಡಿಲ, ಆ ಮುಂಚಿನ ಬಿಗಿತವೂ ತಡ. ಸೋರುವುದು ಆ ಸಂದಿನಲ್ಲೇ.

"ನನಗೆ ಸಿಸೇರಿಯನ್ ಆಗಿದ್ದು, ಆದ್ರೂ ಯಾಕೆ?" ಎಂದು ಕೇಳುವವರಿದ್ದಾರೆ. ಒಂಬತ್ತು ತಿಂಗಳ ಭಾರವನ್ನು ಹೊತ್ತಿದ್ದು ಇದೇ ಸ್ನಾಯು ಅಲ್ವಾ? 2003ರಲ್ಲಿ ಪ್ರಕಟವಾದ ನಾರ್ವೆಯ ದೊಡ್ಡ ಅಧ್ಯಯನವೊಂದರಲ್ಲಿ, ಹೆರಿಗೆಯೇ ಆಗದವರಲ್ಲಿ ಸುಮಾರು ಶೇ. 10, ಸಿಸೇರಿಯನ್ ಆದವರಲ್ಲಿ ಸುಮಾರು ಶೇ. 16, ಸಹಜ ಹೆರಿಗೆ ಆದವರಲ್ಲಿ ಶೇ. 21ರಷ್ಟು ಮಂದಿಗೆ ಮೂತ್ರ ಸೋರಿಕೆ ಇತ್ತು. ಸಿಸೇರಿಯನ್‌ನಿಂದ ಸಾಧ್ಯತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಿಮ್ಮದು ಯಾವ ಸೋರಿಕೆ?

ಇದನ್ನು ಮೊದಲು ತಿಳಿದುಕೊಳ್ಳಿ. ಕೆಮ್ಮು, ಸೀನು, ನಗು, ಭಾರ ಎತ್ತುವುದು, ಸ್ಕೂಟರ್ ಹಂಪ್ ಹಾರುವುದು, ಇಂಥ ಕ್ಷಣದಲ್ಲಿ ಸ್ವಲ್ಪ ಸೋರಿ ತಕ್ಷಣ ನಿಂತುಬಿಟ್ಟರೆ ಅದು ಒತ್ತಡದ ಸೋರಿಕೆ, ಡಾಕ್ಟರ್ ಚೀಟಿಯಲ್ಲಿ ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಈ ಲೇಖನ ಅದರ ಬಗ್ಗೆ. ಮೂತ್ರಕ್ಕೆ ಹೋಗಬೇಕು ಅಂತ ಜೋರಾಗಿ ಅವಸರವಾಗಿ, ಬಾಗಿಲಿನ ಬೀಗ ತೆಗೆಯುವಷ್ಟರಲ್ಲಿ ಆಗಿಹೋದರೆ ಅದು ಅವಸರದ ಸೋರಿಕೆ. ಅದಕ್ಕೆ ಈ ವ್ಯಾಯಾಮದ ಜೊತೆಗೆ, ಮೂತ್ರಕ್ಕೆ ಹೋಗುವ ನಡುವಿನ ಅಂತರವನ್ನು ನಿಧಾನವಾಗಿ ಹೆಚ್ಚಿಸುವ ತರಬೇತಿಯೂ ಬೇಕು. ಕೆಲವರಿಗೆ ಎರಡೂ ಸೇರಿಕೊಂಡಿರುತ್ತದೆ.

ತಿಳಿಯದಿದ್ದರೆ ಮೂರು ದಿನ ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಹಳೆಯ ಅಳತೆ ಲೋಟ ಒಂದನ್ನು ಬಾತ್‌ರೂಮಿನಲ್ಲೇ ಇಟ್ಟುಕೊಂಡು, ಸಾಧ್ಯವಾದಾಗ ಮೂತ್ರದ ಪ್ರಮಾಣವನ್ನೂ ಅಳೆಯಿರಿ. ಈ ಮೂರು ಪುಟ ಡಾಕ್ಟರಿಗೆ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ.

ಆದರೆ ಕೆಲವು ಲಕ್ಷಣಗಳಿದ್ದರೆ, ವ್ಯಾಯಾಮ ಮಾಡಿ ನೋಡೋಣ ಅಂತ ಕಾಯಬೇಡಿ. ಕೂತರೂ ನಿಂತರೂ ಮಲಗಿದರೂ ಮೂತ್ರ ಸದಾ ಜಿನುಗುತ್ತಲೇ ಇದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ಕಷ್ಟದ ಹೆರಿಗೆ ಅಥವಾ ಸಿಸೇರಿಯನ್ ನಂತರ ಅಪರೂಪಕ್ಕೆ ಹೀಗಾಗುತ್ತದೆ. ಮೂತ್ರ ಸರಿಯಾಗಿ ಹೋಗದೆ ಹೊಟ್ಟೆಯ ಕೆಳಗೆ ಉಬ್ಬಿಕೊಂಡು ತೊಟ್ಟಿಕ್ಕುತ್ತಿದ್ದರೆ, ಉರಿ, ಜ್ವರ ಅಥವಾ ರಕ್ತ ಇದ್ದರೆ, ತೊಡೆಯ ಸಂದು ಮರಗಟ್ಟಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಯೋನಿಯಲ್ಲಿ ಏನೋ ಉಂಡೆ ಕೆಳಗೆ ಇಳಿದ ಹಾಗೆ ಅನಿಸಿದರೂ ವ್ಯಾಯಾಮ ಶುರು ಮಾಡುವ ಮೊದಲು ಒಮ್ಮೆ ತೋರಿಸಿಕೊಳ್ಳಿ.

ಸ್ನಾಯುವನ್ನು ಹುಡುಕಿ, ಎತ್ತಿ, ಬಿಡಿ

ಯಾವಾಗ ಶುರು ಮಾಡಬಹುದು? ಮೂತ್ರಕ್ಕೆ ಹಾಕಿದ್ದ ಕ್ಯಾತಿಟರ್ ನಳಿಕೆ ತೆಗೆದು, ಮೂತ್ರ ಸರಾಗವಾಗಿ ಹೋಗುತ್ತಿದ್ದರೆ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಮೆಲ್ಲಗೆ ಶುರು ಮಾಡಬಹುದು. ಕೆಳಗೆ ಹೊಲಿಗೆ ಇದ್ದರೂ ನೋವಾಗದಷ್ಟು ಮೆಲ್ಲಗೆ ಮಾಡಬಹುದು. ತುಂಬಾ ಆಳವಾಗಿ ಹರಿದಿದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಶುರು ಮಾಡಿ. ಹೆರಿಗೆಯಾಗಿ ವರ್ಷಗಳೇ ಆಗಿದ್ದರೂ ತಡವಾಗಿಲ್ಲ.

ಮೂತ್ರಕ್ಕೆ ಹೋಗಿ ಬಂದು, ಚಾಪೆಯ ಮೇಲೋ ಹಾಸಿಗೆಯ ಮೇಲೋ ಅಂಗಾತ ಮಲಗಿ. ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಮಲಗಿದಾಗ ಹೊಟ್ಟೆಯ ಭಾರ ಕೆಳಗಿನ ಸ್ನಾಯುವಿನ ಮೇಲೆ ಬೀಳುವುದಿಲ್ಲ, ಅದಕ್ಕೇ ಮೊದಲು ಈ ಭಂಗಿ. ಒಂದು ಕೈಯನ್ನು ಹೊಕ್ಕುಳಿನ ಕೆಳಗೆ ಇಟ್ಟುಕೊಳ್ಳಿ.

ಈಗ ಉಸಿರನ್ನು ಮೆಲ್ಲಗೆ ಒಳಗೆ ತೆಗೆದುಕೊಳ್ಳಿ. ಹೊಟ್ಟೆ ಉಬ್ಬಲಿ, ಕೆಳಗೆಲ್ಲ ಸಡಿಲವಾಗಿರಲಿ. ಉಸಿರು ಬಿಡುತ್ತಾ, ಜನರ ಮಧ್ಯೆ ಕೂತಿದ್ದಾಗ ಗ್ಯಾಸ್ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಮಲದ್ವಾರವನ್ನು ಒಳಕ್ಕೆ ಎಳೆದುಕೊಳ್ಳಿ. ಆ ಎಳೆತವನ್ನು ಹಿಂದಿನಿಂದ ಮುಂದಕ್ಕೆ, ಮೂತ್ರ ಬರುವ ಜಾಗದವರೆಗೂ ತನ್ನಿ. ಅಲ್ಲಿಂದ ಒಳಗೆ ಮೇಲಕ್ಕೆ ಎತ್ತಿ. ನಿಜವಾದ ಚಲನೆ ತುಂಬಾ ಚಿಕ್ಕದು. ಮೊದಮೊದಲು ಏನೂ ಆಗುತ್ತಿಲ್ಲ ಅನಿಸಿದರೂ ಪರವಾಗಿಲ್ಲ. ಆಮೇಲೆ ಬಿಡಿ. ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಅರ್ಧ ಭಾಗ.

ಎತ್ತುತ್ತಿದ್ದೀರೋ ದಬ್ಬುತ್ತಿದ್ದೀರೋ ಅಂತ ನೋಡಲು ಒಂದು ಕೈಗನ್ನಡಿ ಸಾಕು. ಬಾಗಿಲು ಹಾಕಿಕೊಂಡು, ದಿಂಬಿಗೆ ಒರಗಿ ಕೂತು, ಕಾಲು ಮಡಚಿ, ಕನ್ನಡಿಯನ್ನು ಕೆಳಗೆ ಹಿಡಿಯಿರಿ. ಯೋನಿಗೂ ಮಲದ್ವಾರಕ್ಕೂ ನಡುವಿನ ಚರ್ಮವನ್ನು ಗಮನಿಸಿ. ಸರಿಯಾಗಿ ಮಾಡಿದರೆ ಮಲದ್ವಾರ ಸುಕ್ಕುಗಟ್ಟಿ ಒಳಕ್ಕೆ ಹೋಗುತ್ತದೆ, ಆ ಚರ್ಮ ಕನ್ನಡಿಯಿಂದ ದೂರ, ಒಳಮುಖವಾಗಿ ಸರಿಯುತ್ತದೆ. ಅದು ಕನ್ನಡಿಯ ಕಡೆಗೆ ಉಬ್ಬಿ ಬಂದರೆ ನೀವು ತಿಣುಕುತ್ತಿದ್ದೀರಿ ಅಂತ ಅರ್ಥ. ತಕ್ಷಣ ನಿಲ್ಲಿಸಿ, ಅರ್ಧ ಶಕ್ತಿಯಲ್ಲಿ ಮತ್ತೆ ಮಾಡಿ. ಜೋರು ಹಾಕಿದಷ್ಟೂ ದಬ್ಬುವುದೇ ಜಾಸ್ತಿಯಾಗುತ್ತದೆ. ನೋಡಲು ಸಂಕೋಚ ಅನಿಸಿದರೆ, ಗಟ್ಟಿ ಕುರ್ಚಿಯ ಮೇಲೆ ಕೂತು, ಸುತ್ತಿದ ಚಿಕ್ಕ ಟವೆಲ್ ಒಂದನ್ನು ಉದ್ದಕ್ಕೆ ಕೆಳಗೆ ಇಟ್ಟುಕೊಳ್ಳಿ. ಎತ್ತಿದಾಗ ಟವೆಲಿನ ಮೇಲಿನ ಒತ್ತು ಕಡಿಮೆಯಾದ ಹಾಗೆ ಅನಿಸಬೇಕು, ಜಾಸ್ತಿಯಾದ ಹಾಗಲ್ಲ.

ಇನ್ನೂ ಮೂರು ಕಡೆ ತಪ್ಪು ನುಸುಳುತ್ತದೆ. ಪೃಷ್ಠ ಬಿಗಿಯುವುದು, ತೊಡೆಗಳನ್ನು ಒತ್ತಿಕೊಳ್ಳುವುದು, ಉಸಿರು ಹಿಡಿಯುವುದು. ಮಾಡುತ್ತಿರುವಾಗ ಜೋರಾಗಿ ಒಂದರಿಂದ ಐದು ಎಣಿಸಿ. ಮಾತು ಬಂದರೆ ಉಸಿರು ಹಿಡಿದಿಲ್ಲ. ಹೊಟ್ಟೆಯ ಮೇಲಿನ ಕೈಗೆ ಕೆಳಹೊಟ್ಟೆ ಸ್ವಲ್ಪ ಒಳಕ್ಕೆ ಹೋಗಿದ್ದು ತಿಳಿದರೆ ಸರಿ, ಹೊಟ್ಟೆ ಹೊರಕ್ಕೆ ಉಬ್ಬಿದರೆ ತಪ್ಪು.

ಮೂತ್ರ ಹೋಗುತ್ತಿರುವಾಗ ಮಧ್ಯದಲ್ಲಿ ನಿಲ್ಲಿಸಿ ಮಾಡುವ ವಿಧಾನವನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಬಿಟ್ಟುಬಿಡಿ. ಸ್ನಾಯು ಎಲ್ಲಿದೆ ಅಂತ ತಿಳಿಯಲು ಒಂದು ಸಲ ನೋಡಿದರೆ ತೊಂದರೆಯಿಲ್ಲ. ದಿನಾ ಅದನ್ನೇ ವ್ಯಾಯಾಮ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುವ ಅಭ್ಯಾಸವಾಗಬಹುದು.

ಕೆಲವರಿಗೆ ಸ್ನಾಯು ಸಡಿಲವಾಗಿರುವ ಬದಲು ಸದಾ ಬಿಗಿದುಕೊಂಡಿರುತ್ತದೆ. ಅಂಥವರಿಗೆ ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ತಡ, ಕೆಳಗೆ ಸದಾ ಎಳೆತ ಇರುತ್ತದೆ. ವ್ಯಾಯಾಮ ಮಾಡಿದಷ್ಟೂ ನೋವು ಹೆಚ್ಚಾದರೆ ಮುಂದುವರಿಸಬೇಡಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಇಂಥವರಿಗೆ ಮೊದಲು ಬೇಕಾದದ್ದು ಸಡಿಲಿಸುವ ಕಲಿಕೆ.

ವಿಜಯನಗರದ ತಾಯಿಯೊಬ್ಬರ ಹನ್ನೆರಡು ವಾರ

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ಉದಾಹರಣೆ ಕೊಡುತ್ತೇನೆ. ಮೂವತ್ತೊಂದು ವರ್ಷ. ಎರಡನೇ ಹೆರಿಗೆ, ಸಹಜ, ಮಗು 3.7 ಕಿಲೋ. ಬಂದಾಗ ಮಗುವಿಗೆ ಐದು ತಿಂಗಳು. ಬೆಳಿಗ್ಗೆ ಎದ್ದ ತಕ್ಷಣ ಅಲರ್ಜಿಯ ಸೀನು ಸಾಲಾಗಿ ಬರುತ್ತಿತ್ತು, ಪ್ರತಿ ಸೀನಿಗೂ ಸೋರುತ್ತಿತ್ತು. ದೊಡ್ಡ ಮಗಳನ್ನು ಎತ್ತಿಕೊಂಡಾಗಲೂ ಹಾಗೇ. ಅವಸರ, ಉರಿ ಯಾವುದೂ ಇರಲಿಲ್ಲ. ದಿನಕ್ಕೆ ಎರಡು ಪ್ಯಾಡ್ ಬದಲಿಸುತ್ತಿದ್ದರು. ವಿಡಿಯೋ ನೋಡಿ ದಿನಕ್ಕೆ ನೂರು ಕೀಗಲ್ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ನೋಡಿದರೆ ಉಸಿರು ಬಿಗಿಹಿಡಿದು ಕೆಳಕ್ಕೆ ದಬ್ಬುತ್ತಿದ್ದರು.

ಅವರ ಮೂರು ದಿನದ ಪುಸ್ತಕದಲ್ಲಿ ಎರಡು ಸಂಗತಿ ಎದ್ದು ಕಂಡವು. ಹಾಲುಣಿಸುವ ತಾಯಿ ದಿನಕ್ಕೆ ಕುಡಿಯುತ್ತಿದ್ದದ್ದು ಕಾಫಿಯೂ ಸೇರಿ ಒಂದು ಲೀಟರಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಸೋರುತ್ತದೆ ಅಂತ ನೀರು ಕಮ್ಮಿ ಮಾಡಿದ್ದರು. ಮತ್ತೆ, ಮನೆಯಿಂದ ಹೊರಡುವಾಗಲೆಲ್ಲ "ಯಾವುದಕ್ಕೂ ಇರಲಿ" ಅಂತ ಮೂತ್ರಕ್ಕೆ ಹೋಗಿ, ಒಂದೊಂದು ಸಲಕ್ಕೆ ನೂರು ಮಿಲಿಲೀಟರ್ ಮಾತ್ರ ಆಗುತ್ತಿತ್ತು. ಮೂತ್ರಕೋಶ ಆರಾಮಾಗಿ ಮುನ್ನೂರರಿಂದ ನಾನ್ನೂರು ಮಿಲಿಲೀಟರ್ ಹಿಡಿಯುತ್ತದೆ. ಪದೇ ಪದೇ ಸ್ವಲ್ಪಕ್ಕೇ ಖಾಲಿ ಮಾಡಿದರೆ ಅದಕ್ಕೂ ಅಷ್ಟೇ ಅಭ್ಯಾಸವಾಗುತ್ತದೆ, ಆಮೇಲೆ ಅವಸರದ ತೊಂದರೆಯೂ ಸೇರಿಕೊಳ್ಳುತ್ತದೆ.

ಮೊದಲ ದಿನ ಮಲಗಿಕೊಂಡು, ಉಸಿರು ಬಿಡುತ್ತಾ ಎತ್ತುವುದನ್ನು ಮಾತ್ರ ಕಲಿತರು. ಸರಿಯಾಗಿ ಎತ್ತಿದಾಗ ಮೂರು ಸೆಕೆಂಡು ಹಿಡಿಯಲು ಆಗುತ್ತಿತ್ತು. ಐದನೇ ಸಲಕ್ಕೆ ಸ್ನಾಯು ಸೋಲುತ್ತಿತ್ತು. ಹಾಗಾಗಿ ಅವರ ಲೆಕ್ಕ ಅಲ್ಲಿಂದಲೇ ಶುರು. ಮೂರು ಸೆಕೆಂಡು ಹಿಡಿ, ಆರು ಸೆಕೆಂಡು ಪೂರ್ತಿ ಬಿಡು, ಹೀಗೆ ಐದು ಸಲ. ಒಂದು ನಿಮಿಷ ಸುಮ್ನೆ ಮಲಗಿ, ಆಮೇಲೆ ತಟ್ಟನೆ ಎತ್ತಿ ತಟ್ಟನೆ ಬಿಡುವುದು ಐದು ಸಲ. ದಿನಕ್ಕೆ ಮೂರು ಹೊತ್ತು. ನಿಧಾನದ ಹಿಡಿತ ಆಸರೆಯನ್ನು ಗಟ್ಟಿ ಮಾಡುತ್ತದೆ, ತಟ್ಟನೆ ಎತ್ತುವುದು ಸೀನಿನಂಥ ಹೊತ್ತಿಗೆ ಬೇಕು. ನೂರು ಸಲ ಮಾಡುತ್ತಿದ್ದವರಿಗೆ ಇದು ತೀರಾ ಕಮ್ಮಿ ಅನಿಸಿತು. ಆದರೆ ಸೋತ ಸ್ನಾಯುವಿನಿಂದ ಮಾಡಿಸಿದರೆ ಪೃಷ್ಠವೂ ಹೊಟ್ಟೆಯೂ ಕೆಲಸ ಮಾಡುತ್ತವೆಯೇ ಹೊರತು ತಳದ ಸ್ನಾಯು ಅಲ್ಲ.

ಸ್ನಾಯು ಸೋತಿದೆ ಅಂತ ತಿಳಿಯುವುದು ಹೇಗೆ? ಹಿಡಿತದ ಕೊನೆಗೆ "ಬಿಡು" ಅಂದಾಗ ಏನೋ ಒಂದು ಕೆಳಗಿಳಿದು ಸಡಿಲವಾದದ್ದು ಗೊತ್ತಾಗಬೇಕು. ಬಿಡಲು ಏನೂ ಉಳಿದಿರದಿದ್ದರೆ, ಅದು ಆಗಲೇ ಜಾರಿಹೋಗಿತ್ತು ಅಂತ ಲೆಕ್ಕ. ಆಗ ಹಿಡಿಯುವ ಹೊತ್ತನ್ನು ಒಂದು ಸೆಕೆಂಡು ಕಮ್ಮಿ ಮಾಡಬೇಕು. ನಿಮ್ಮ ಲೆಕ್ಕವನ್ನೂ ಹೀಗೇ ಹುಡುಕಿಕೊಳ್ಳಿ. ಬೇರೆಯವರ ಹತ್ತು ಸೆಕೆಂಡು ನಿಮಗೆ ಬೇಡ.

ಎರಡನೇ ವಾರದ ಕೊನೆಗೆ ಅವರು ಎಂಟು ಸಲಕ್ಕೆ ಬಂದರು. ಒಂದು ಹೊತ್ತಿಗೆ ಕನಿಷ್ಠ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು ಎನ್ನುವುದು ಬ್ರಿಟನ್ನಿನ ನೈಸ್ ಸಂಸ್ಥೆಯ ಚಿಕಿತ್ಸಾ ಸೂಚನೆಯಲ್ಲೂ ಇರುವ ಲೆಕ್ಕ. ನಾಲ್ಕನೇ ವಾರಕ್ಕೆ ಐದು ಸೆಕೆಂಡು ಹಿಡಿಯುತ್ತಿದ್ದರು, ಕುರ್ಚಿಯಲ್ಲಿ ಕೂತು ಮಾಡಲು ಶುರು ಮಾಡಿದರು. ಕೂತ ತಕ್ಷಣ ಮೂರೇ ಸೆಕೆಂಡಿಗೆ ಇಳಿಯಿತು, ಅದು ಸಹಜ. ಭಂಗಿ ಕಷ್ಟವಾದಾಗ ಲೆಕ್ಕ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಏಳನೇ ವಾರದಲ್ಲಿ ನಿಂತುಕೊಂಡು. ಸೋರಿಕೆ ಆಗುವುದು ನಿಂತಾಗ ತಾನೇ, ಅದಕ್ಕೆ ಕೊನೆಗೆ ನಿಂತು ಮಾಡಲೇಬೇಕು. ಮಲಗಿಕೊಂಡೇ ಮುಗಿಸುವವರಿಗೆ ಅರ್ಧ ಫಲ.

ಮೂರು ಹೊತ್ತನ್ನು ಮಗುವಿನ ಹಾಲಿಗೆ ಜೋಡಿಸಿದ್ದರು. ಬೆಳಗಿನ, ಮಧ್ಯಾಹ್ನದ, ರಾತ್ರಿಯ ಹಾಲು ಮುಗಿದ ಮೇಲೆ. ಫೋನಿನ ಅಲಾರಾಂಗಿಂತ ಇದು ಚೆನ್ನಾಗಿ ನೆನಪಿರುತ್ತದೆ ಅಂತ ನನ್ನ ಅನುಭವ.

ಎಂಟನೇ ವಾರಕ್ಕೆ ಒಂಟಿ ಸೀನಿಗೆ ಸೋರುವುದು ನಿಂತಿತ್ತು, ಸಾಲು ಸೀನಿನಲ್ಲಿ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಒಂದೆರಡು ಹನಿ. ಹನ್ನೆರಡನೇ ವಾರಕ್ಕೆ ನಿಂತುಕೊಂಡು ಹತ್ತು ಸೆಕೆಂಡಿನ ಹತ್ತು ಹಿಡಿತ. ಪ್ಯಾಡ್ ಬಿಟ್ಟರು. ದೊಡ್ಡ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅಪರೂಪಕ್ಕೆ ಒಂದು ಹನಿ ಉಳಿದಿತ್ತು. ಅದಾದ ಮೇಲೆ ದಿನಕ್ಕೆ ಒಂದು ಹೊತ್ತು ಮುಂದುವರಿಸಿದರು. ಪೂರ್ತಿ ಬಿಟ್ಟರೆ ಗಳಿಸಿದ ಬಲ ಇಳಿಯುತ್ತದೆ. ಎಲ್ಲರಿಗೂ ಇಷ್ಟೇ ವೇಗವಾಗಿ ಆಗುತ್ತದೆ ಅಂತ ಇಲ್ಲ. ಆರರಿಂದ ಎಂಟು ವಾರದವರೆಗೆ ಏನೂ ಗೊತ್ತಾಗದೆ ಆಮೇಲೆ ಬದಲಾವಣೆ ಕಂಡವರೂ ಇದ್ದಾರೆ. ಆ ಮಧ್ಯದ ವಾರಗಳಲ್ಲೇ ಹೆಚ್ಚಿನವರು ಬಿಟ್ಟುಬಿಡುವುದು.

ಕೆಮ್ಮುವ ಮುಂಚೆ ಒಂದು ಬಿಗಿ

ಇದನ್ನು ಆ ತಾಯಿಗೆ ಮೊದಲ ವಾರವೇ ಕಲಿಸಿದ್ದೆ, ಯಾಕೆಂದರೆ ಇದಕ್ಕೆ ಬಲಕ್ಕಿಂತ ಹೊತ್ತು ಮುಖ್ಯ. ಕೆಮ್ಮು ಬರುತ್ತಿದೆ ಅಂತ ಗೊತ್ತಾದ ತಕ್ಷಣ ತಳದ ಸ್ನಾಯುವನ್ನು ಎತ್ತಿ, ಎತ್ತಿಕೊಂಡೇ ಕೆಮ್ಮಿ, ಕೆಮ್ಮು ಮುಗಿದ ಮೇಲೆ ಬಿಡಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಲ್ಪ ಮಟ್ಟಿನ ಸೋರಿಕೆಯಿದ್ದ ಹಿರಿಯ ಮಹಿಳೆಯರಿಗೆ ಇದನ್ನು ಕಲಿಸಿದಾಗ ಒಂದೇ ವಾರದಲ್ಲಿ ಕೆಮ್ಮಿನ ಸೋರಿಕೆ ಬಹಳ ಕಡಿಮೆಯಾಗಿತ್ತು. ಒಂದು ವಾರದಲ್ಲಿ ಸ್ನಾಯು ಬಲವಾಗಲು ಸಾಧ್ಯವಿಲ್ಲ. ಕೆಲಸ ಮಾಡಿದ್ದು ಸರಿಯಾದ ಹೊತ್ತಿಗೆ ಬಿಗಿದದ್ದೇ.

ಮೊದಲು ಬರಿಯ ಗಂಟಲು ಸರಿಪಡಿಸಿಕೊಳ್ಳುವಷ್ಟು ಸಣ್ಣ ಕೆಮ್ಮಿನ ಜೊತೆ ಅಭ್ಯಾಸ ಮಾಡಿ. ಎತ್ತು, ಕೆಮ್ಮು, ಬಿಡು. ಕೂತು ಸರಿಯಾಗಿ ಬಂದ ಮೇಲೆ ನಿಂತುಕೊಂಡು, ಆಮೇಲೆ ಜೋರು ಕೆಮ್ಮಿಗೆ. ಸಾಲು ಸೀನು ಬರುವವರು ಒಂದು ಸೀನಿಗೂ ಇನ್ನೊಂದಕ್ಕೂ ನಡುವೆ ಮತ್ತೆ ಎತ್ತಬೇಕು. ಮೊದಲ ಸೀನಿಗೆ ಎತ್ತಿದ್ದೇ ಮೂರನೆಯದರವರೆಗೆ ಉಳಿಯುವುದಿಲ್ಲ. ಮಗುವನ್ನು ತೊಟ್ಟಿಲಿಂದ ಎತ್ತುವಾಗ, ನೀರಿನ ಕ್ಯಾನ್ ಸರಿಸುವಾಗ ಇದೇ ಕ್ರಮ. ಎತ್ತಿಕೊಂಡು, ಉಸಿರು ಬಿಡುತ್ತಾ ಏಳಿ. ನಗುವಿಗೆ ಮಾತ್ರ ಇದು ಕೊನೆಗೆ ಕೈಗೂಡುತ್ತದೆ. ನಗು ಹೇಳಿಕೊಂಡು ಬರುವುದಿಲ್ಲ, ಬಂದರೆ ಬೇಗ ನಿಲ್ಲುವುದೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಹನ್ನೆರಡು ವಾರದ ಬಲ.

ಸುಧಾರಣೆ ಆಗಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಮೂತ್ರಕ್ಕೆ ಹೋಗಿ ಎರಡು ಗಂಟೆಯಾದ ಮೇಲೆ ಬಾತ್‌ರೂಮಿನಲ್ಲಿ ನಿಂತು, ಮಡಚಿದ ಟಿಶ್ಯೂ ಕಾಗದವನ್ನು ಕೆಳಗೆ ಹಿಡಿದು ಮೂರು ಸಲ ಜೋರಾಗಿ ಕೆಮ್ಮಿ. ಒದ್ದೆಯ ಗುರುತು ಎಷ್ಟು ಅಗಲ ಅಂತ ನೋಡಿ. ಬೇರೆ ಕಾಗದ ಹಿಡಿದು, ಪ್ರತಿ ಸಲವೂ ಎತ್ತಿಕೊಂಡು ಮತ್ತೆ ಮೂರು ಸಲ ಕೆಮ್ಮಿ. ಎರಡನ್ನೂ ಹೋಲಿಸಿ. ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಮನೆಯಲ್ಲಿ ಇದಕ್ಕೆ ಅಡ್ಡ ಬರುವುದು

ನಮ್ಮ ಬಾಣಂತನದಲ್ಲಿ ಒಳ್ಳೆಯದು ಎಷ್ಟೋ ಇದೆ. ಎರಡು ಸಂಗತಿಯನ್ನು ಮಾತ್ರ ಅಮ್ಮ, ಅತ್ತೆಯರ ಹತ್ತಿರ ಮೆಲ್ಲಗೆ ಮಾತಾಡಿ ಬದಲಿಸಿಕೊಳ್ಳಿ. ಒಂದು, ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಎನ್ನುವುದು. ನೀರು ಕಮ್ಮಿಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗುತ್ತದೆ. ಮಲಕ್ಕೆ ದಿನಾ ತಿಣುಕಿದರೆ ಬೆಳಿಗ್ಗೆ ಎತ್ತಿದ್ದನ್ನೆಲ್ಲ ಮಧ್ಯಾಹ್ನ ಕೆಳಕ್ಕೆ ದಬ್ಬಿದ ಹಾಗೆ. ಬಾಯಾರಿದಷ್ಟು ಕುಡಿಯಿರಿ, ಮೂತ್ರ ತಿಳಿ ಹಳದಿ ಇರಲಿ. ಬಿಸಿನೀರನ್ನೇ ಕುಡಿಯಿರಿ ಅಂದರೆ ಬಿಸಿನೀರೇ ಆಗಲಿ. ಸೊಪ್ಪು, ತರಕಾರಿ, ಹಣ್ಣು ಪಥ್ಯದಿಂದ ಹೊರಗೆ ಹೋಗದಿರಲಿ. ಕಮೋಡ್ ಬಳಸುವವರು ಕಾಲ ಕೆಳಗೆ ಒಂದು ಸಣ್ಣ ಸ್ಟೂಲ್ ಇಟ್ಟುಕೊಂಡು, ಮುಂದಕ್ಕೆ ಬಾಗಿ, ಬಾಯಿಂದ ಉಸಿರು ಬಿಡುತ್ತಾ ಹೋಗಲಿ.

ಇನ್ನೊಂದು, ಹೊಟ್ಟೆ ಕಟ್ಟುವುದು. ಬೆನ್ನಿಗೆ ಆಸರೆಯಾಗುವಷ್ಟು ಹದವಾಗಿ ಕಟ್ಟಿದರೆ ಪರವಾಗಿಲ್ಲ. ಉಸಿರಾಡಲು ಕಷ್ಟವಾಗುವಷ್ಟು ಬಿಗಿದರೆ ಆ ಒತ್ತಡ ಹೋಗುವುದು ಕೆಳಕ್ಕೇ. ಕಟ್ಟಿಕೊಂಡಾಗ ಕೆಳಗೆ ಭಾರ ಅನಿಸಿದರೆ ಸಡಿಲಿಸಿ.

ಬೆಂಗಳೂರಿನಲ್ಲಿ ಧೂಳು, ಪರಾಗದ ಅಲರ್ಜಿಯಿಂದ ತಿಂಗಳುಗಟ್ಟಲೆ ಕೆಮ್ಮುವವರು ಕಮ್ಮಿಯೇನಲ್ಲ. ದಿನಕ್ಕೆ ನೂರಾರು ಸಲ ಕೆಮ್ಮುತ್ತಿದ್ದರೆ ಯಾವ ವ್ಯಾಯಾಮವೂ ಅದರ ಮುಂದೆ ನಿಲ್ಲುವುದಿಲ್ಲ. ಹಾಲುಣಿಸುವವರಿಗೂ ಕೊಡಬಹುದಾದ ಔಷಧಿಗಳಿವೆ, ಕೆಮ್ಮಿಗೆ ಮೊದಲು ಚಿಕಿತ್ಸೆ ತೆಗೆದುಕೊಳ್ಳಿ. ವಿಜಯನಗರದ ಆ ತಾಯಿಗೂ ಅಲರ್ಜಿಯ ಚಿಕಿತ್ಸೆ ಜೊತೆಯಲ್ಲೇ ನಡೆದಿತ್ತು. ಓಟ, ಹಗ್ಗದಾಟ, ಜುಂಬಾ ಇವನ್ನು ಹೆರಿಗೆಯಾಗಿ ಮೂರು ತಿಂಗಳಾಗುವ ಮೊದಲು ಶುರು ಮಾಡಬೇಡಿ, ಆಮೇಲೂ ಸೋರುತ್ತಿದ್ದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ನಡಿಗೆಗೆ ಅಡ್ಡಿಯಿಲ್ಲ.

ಮೂರು ತಿಂಗಳಾದರೂ ನಿಲ್ಲದಿದ್ದರೆ

ಕನ್ನಡಿಯಲ್ಲಿ ನೋಡಿದರೂ ಎತ್ತುತ್ತಿದ್ದೇನೋ ಇಲ್ಲವೋ ತಿಳಿಯದಿದ್ದರೆ ಮೂರು ತಿಂಗಳು ಕಾಯುವುದೇ ಬೇಡ, ಒಮ್ಮೆ ಪರೀಕ್ಷೆ ಮಾಡಿಸಿ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಮಾಡುವವರು ಬೇಕು ಅಂತ ಸ್ಪಷ್ಟವಾಗಿ ಕೇಳಿ, ಬೆನ್ನು ಮಂಡಿ ನೋಡುವ ಎಲ್ಲರಿಗೂ ಇದರ ತರಬೇತಿ ಇರುವುದಿಲ್ಲ. ಅವರು ಕೈಗವಸು ಹಾಕಿಕೊಂಡು, ನಿಮ್ಮ ಒಪ್ಪಿಗೆ ಕೇಳಿ, ಒಂದು ಬೆರಳಿನಿಂದ ಯೋನಿಯೊಳಗೆ ಸ್ನಾಯುವಿನ ಬಲ ನೋಡುತ್ತಾರೆ. ಸಾಮಾನ್ಯವಾಗಿ ಹೆರಿಗೆಯಾಗಿ ಆರು ವಾರದ ಮೇಲೆ ಇದನ್ನು ಮಾಡುತ್ತಾರೆ. ಬೇಡ ಅನಿಸಿದರೆ ಹೇಳಬಹುದು, ಹೊರಗಿನಿಂದಲೇ ನೋಡಿ ಕಲಿಸುವ ದಾರಿಯೂ ಇದೆ. ಖಾಸಗಿಯಲ್ಲಿ ಖರ್ಚು ಕಷ್ಟ ಅನಿಸಿದರೆ ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ಒಪಿಡಿಯಲ್ಲಿ ತೋರಿಸಬಹುದು.

ಸರಿಯಾಗಿ ಮೂರು ತಿಂಗಳು ಮಾಡಿದ ಮೇಲೂ ತೊಂದರೆ ಉಳಿದರೆ ಮುಂದಿನ ದಾರಿಗಳಿವೆ. ಯೋನಿಯಲ್ಲಿ ಇಟ್ಟುಕೊಂಡು ಮೂತ್ರನಾಳಕ್ಕೆ ಆಸರೆ ಕೊಡುವ ಸಿಲಿಕೋನಿನ ಪೆಸರಿ ಒಂದು. ಓಟದಂಥ ವ್ಯಾಯಾಮ ಮಾಡುವಾಗ ಮಾತ್ರ ಇಟ್ಟುಕೊಂಡು ತೆಗೆಯುವವರೂ ಇದ್ದಾರೆ. ಇನ್ನೊಂದು ಆಪರೇಷನ್, ಮೂತ್ರನಾಳದ ಕೆಳಗೆ ಪಟ್ಟಿಯೊಂದನ್ನು ಆಸರೆಯಾಗಿ ಕೂರಿಸುವುದು. ಆ ಪಟ್ಟಿ ಸಿಂಥೆಟಿಕ್ ಜಾಲರಿಯದ್ದಾಗಿರಬಹುದು, ನಿಮ್ಮದೇ ದೇಹದಿಂದ ತೆಗೆದದ್ದಾಗಿರಬಹುದು. ಜಾಲರಿಯಿಂದ ಕೆಲವರಿಗೆ ಆಮೇಲೆ ನೋವಿನಂಥ ತೊಂದರೆ ಆಗಿದೆ, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿಕೊಳ್ಳಿ. ಇನ್ನೂ ಮಕ್ಕಳು ಬೇಕು ಅನ್ನುವವರಿಗೆ ಆಪರೇಷನ್ನನ್ನು ಸಾಮಾನ್ಯವಾಗಿ ಮುಂದಕ್ಕೆ ಹಾಕುತ್ತಾರೆ, ಮುಂದಿನ ಬಸಿರು, ಹೆರಿಗೆಯಲ್ಲಿ ಸೋರಿಕೆ ಮತ್ತೆ ಬರಬಹುದು.

ಡಾಕ್ಟರ ಹತ್ತಿರ ಹೋಗುವಾಗ ಆ ಮೂರು ದಿನದ ಪುಸ್ತಕ, ಹೆರಿಗೆಯ ಡಿಸ್‌ಚಾರ್ಜ್ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ತೆಗೆದುಕೊಂಡು ಹೋಗಿ. ಎಷ್ಟು ಸೆಕೆಂಡು ಹಿಡಿಯುತ್ತೀರಿ, ಎಷ್ಟು ಸಲ, ಎಷ್ಟು ವಾರದಿಂದ ಎನ್ನುವುದನ್ನೂ ಬರೆದುಕೊಳ್ಳಿ. ಮೂತ್ರಕೋಶ ಸ್ವಲ್ಪ ತುಂಬಿರುವಾಗಲೇ ಹೋಗಿ, ಕೆಮ್ಮಿಸಿ ನೋಡುವ ಪರೀಕ್ಷೆಗೆ ಅದು ಬೇಕಾಗುತ್ತದೆ.